ಟೇಪು ಹೇಳುವುದೂ ನಿಜ, ಡಂಬೆಲ್ ಹೇಳುವುದೂ ನಿಜ

"ತೀರ್ಥಹಳ್ಳಿಯಲ್ಲಿ ಜಿಮ್ ಸೇರಿ ಮೂರು ವಾರ. ಡಂಬೆಲ್ 6 ಕೆ.ಜಿ.ಯಿಂದ 9ಕ್ಕೆ ಬಂತು, ತೋಳಿನ ಸುತ್ತಳತೆ ಮಾತ್ರ ಅದೇ 29 ಸೆಂ.ಮೀ. ಶಕ್ತಿ ಎಲ್ಲಿಂದ ಬಂತು?"

ಹೆಚ್ಚಿನ ಪಾಲು ನರಗಳಿಂದ. ಬೆನ್ನುಹುರಿಯ ಒಂದೊಂದು ನರಕೋಶದ ಕೈಯಲ್ಲಿ ಸ್ನಾಯು ಎಳೆಗಳ ಒಂದೊಂದು ಗುಂಪು ಇರುತ್ತದೆ. ಹೊಸಬರು ಎಷ್ಟೇ ಜೋರು ಹಾಕಿದರೂ ಕೆಲವು ಗುಂಪುಗಳು ಸುಮ್ನೆ ಕೂತಿರುತ್ತವೆ, ಉಳಿದವಕ್ಕೂ ಸಂಕೇತ ಸಾಕಷ್ಟು ವೇಗವಾಗಿ ಬರುವುದಿಲ್ಲ. ಸಾಲದ್ದಕ್ಕೆ ತೋಳಿನ ಹಿಂಬದಿಯ ಸ್ನಾಯುವೂ ಬಿಗಿಯಾಗಿ ಎದುರು ಎಳೆಯುತ್ತದೆ. ಮೊದಲ ಸಲ ದೋಟಿ ಹಿಡಿದು ಅಡಿಕೆ ಕೊನೆ ಕೊಯ್ಯುವವರ ಕೈ ನೋಡಿದ್ದೀರಾ? ಮೈಯೆಲ್ಲ ಬಿಗಿ, ದೋಟಿಯ ತುದಿ ಓಲಾಡುತ್ತಿರುತ್ತದೆ. ಹದಿನೈದು ದಿನ ಕಳೆದರೆ ಅದೇ ತೋಳಿಗೆ ಅದೇ ದೋಟಿ ಹಗುರ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಪುರಾವೆ ಒಂದಿದೆ. ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು 8 ವಾರ ಒಂದೇ ತೋಳಿಗೆ ವ್ಯಾಯಾಮ ಮಾಡಿಸಿ, 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ಮನಿದ್ದ ಇನ್ನೊಂದು ತೋಳಿನ ಬಲವೂ ಹೆಚ್ಚಿತ್ತು, ದಪ್ಪ ಮಾತ್ರ ಆಗಿರಲಿಲ್ಲ. ಸ್ನಾಯು ಬೆಳೆಯದೆ ಬಲ ಬಂದಿದೆ ಅಂದ್ರೆ ಅದು ನರಗಳದ್ದೇ ಕೆಲಸ, ಅಲ್ವಾ? ವ್ಯಾಯಾಮ ಮಾಡಿದ ತೋಳಿನಲ್ಲಿ ಮೊದಲ 3-5 ವಾರ ನರಗಳ ಪಾಲೇ ಜಾಸ್ತಿ, ಆಮೇಲೆ ಸ್ನಾಯುವಿನದು.

ಆದರೆ ಈ ಲಾಭ ಕಲಿತ ಚಲನೆಗೇ ಹೆಚ್ಚು ಅಂಟಿರುತ್ತದೆ. ಡಂಬೆಲ್‌ನಲ್ಲಿ ಬಂದ ಬಲ ಅಡಿಕೆ ಮೂಟೆ ಎತ್ತುವಾಗ ಅಷ್ಟೇ ಸಿಗುವುದಿಲ್ಲ. ಇನ್ನು ಟೇಪನ್ನು ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ ಹಿಡಿಯಿರಿ. ವ್ಯಾಯಾಮ ಮುಗಿದ ತಕ್ಷಣ ಕಾಣುವುದು ಬರೀ ಊತ.