ನ್ಯೂಸ್ ಚಾನೆಲ್, ಓಎಲ್‌ಇಡಿ ಟಿವಿ ಮತ್ತು ಗೋಡೆಯ ಸ್ವಿಚ್

ಪ್ರಶ್ನೆ: ಹೊಸದಾಗಿ 55 ಇಂಚಿನ ಓಎಲ್‌ಇಡಿ ಟಿವಿ ತಗೊಂಡಿದ್ದೇವೆ. ನಮ್ಮ ಮಾವ ದಿನಕ್ಕೆ ಎಂಟು ಹತ್ತು ಗಂಟೆ ನ್ಯೂಸ್ ನೋಡ್ತಾರೆ. ಚಾನೆಲ್ ಲೋಗೋ ಸ್ಕ್ರೀನ್ ಮೇಲೆ ಅಚ್ಚೊತ್ತದ ಹಾಗೆ ಯಾವ ಸೆಟ್ಟಿಂಗ್ ಇಡಬೇಕು? ಮಧ್ಯೆ ಮಧ್ಯೆ ಟಿವಿಗೆ ರೆಸ್ಟ್ ಕೊಟ್ರೆ ಸಾಕಾ?

ನಿಮ್ಮ ಮಾವನ ಜಾಗದಲ್ಲಿ ನಮ್ಮ ಅಪ್ಪ ಇದ್ದರು, ಅಷ್ಟೇ ವ್ಯತ್ಯಾಸ. ಉಡುಪಿಯಲ್ಲಿ ನಮ್ಮ ಮನೆ. 2020ರ ದೀಪಾವಳಿಗೆ ಟಿವಿ ತಂದೆವು, ಅದೂ 55 ಇಂಚಿನದ್ದೇ. ಅಪ್ಪ ಬೆಳಿಗ್ಗೆ ಕಾಫಿ ಕುಡಿದು ಕೂತರೆ ಊಟದ ಹೊತ್ತು ಬಿಟ್ಟು ರಾತ್ರಿವರೆಗೆ ನ್ಯೂಸ್. ಒಂದೇ ಚಾನೆಲ್. ಮೇಲೆ ಬಲಗಡೆ ಲೋಗೋ, ಕೆಳಗೆ ಉದ್ದಕ್ಕೂ ಬ್ರೇಕಿಂಗ್ ನ್ಯೂಸ್‌ನ ಕೆಂಪು ಪಟ್ಟಿ.

ಎರಡು ವರ್ಷ ಯಾರಿಗೂ ಏನೂ ಕಾಣಲಿಲ್ಲ. 2023ರ ಜನವರಿಯಲ್ಲಿ ಒಂದು ರಾತ್ರಿ ನಾವೆಲ್ಲ ಕೂತು ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುತ್ತಿದ್ದೆವು. ಒಡ್ಡೋಲಗಕ್ಕೆ ಇಬ್ಬರು ಕೆಂಪು ತೆರೆ ಹಿಡಿದು ನಿಂತರು. ಕ್ಯಾಮೆರಾ ಹತ್ತಿರ ಹೋಯಿತು, ಸ್ಕ್ರೀನ್ ತುಂಬ ಕೆಂಪು. ಆಗ ಅಮ್ಮ, "ಎಂತದು ಅದು, ತೆರೆಯ ಕೆಳಗೆ ಕಪ್ಪು ಪಟ್ಟಿ?" ಅಂತ ಕೇಳಿದರು. ತೆರೆಗೇ ಅಂಚು ಹೊಲಿದಿದ್ದಾರೆ ಅಂದುಕೊಂಡೆ. ಆದರೆ ಕ್ಯಾಮೆರಾ ಪಕ್ಕಕ್ಕೆ ಸರಿದರೂ ಪಟ್ಟಿ ಸರಿಯಲಿಲ್ಲ. ಹತ್ತಿರ ಹೋಗಿ ನೋಡಿದೆ. ಬ್ರೇಕಿಂಗ್ ನ್ಯೂಸ್ ಪಟ್ಟಿ ಇರುತ್ತಿದ್ದ ಜಾಗ ಅದು, ಅಳತೆ ಹಿಡಿದ ಹಾಗೆ. ಮೇಲೆ ಬಲಗಡೆ ಲೋಗೋದ ನೆರಳೂ ಇತ್ತು.

ಕೆಂಪಿನಲ್ಲೇ ಯಾಕೆ ಕಂಡಿತು ಅಂತ ಆಮೇಲೆ ಗೊತ್ತಾಯಿತು. ಓಎಲ್‌ಇಡಿಯಲ್ಲಿ ಹಿಂದೆ ಬೇರೆ ಬೆಳಕಿಲ್ಲ. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ಉರಿದಷ್ಟು ಸವೆಯುತ್ತದೆ. ನಮ್ಮ ಟಿವಿಯಂಥ ಪ್ಯಾನೆಲ್‌ನಲ್ಲಿ ಒಳಗೆ ಇರುವುದು ಬಿಳಿ ಬೆಳಕು. ಅದರ ಮುಂದೆ ಫಿಲ್ಟರ್ ಇಟ್ಟು ಕೆಂಪು, ಹಸಿರು, ನೀಲಿ ಮಾಡುತ್ತಾರೆ. ಜೊತೆಗೆ ಫಿಲ್ಟರ್ ಇಲ್ಲದ ಒಂದು ಬಿಳಿ ಚುಕ್ಕಿಯೂ ಇರುತ್ತದೆ. ಬಿಳಿ ತೋರಿಸುವಾಗ ಆ ಚುಕ್ಕಿ ಹೊರೆ ಹಂಚಿಕೊಳ್ಳುತ್ತದೆ. ಅಚ್ಚ ಕೆಂಪಿಗೆ ಆ ಸಹಾಯ ಸಿಗುವುದಿಲ್ಲ. ಕೆಂಪು ಚುಕ್ಕಿ ಒಂದೇ ದುಡಿಯಬೇಕು, ಅದರ ಬೆಳಕಿನ ದೊಡ್ಡ ಪಾಲನ್ನು ಫಿಲ್ಟರ್ ನುಂಗುತ್ತದೆ. ಅದಕ್ಕೇ ಕೆಂಪು ಪಟ್ಟಿಯ ಜಾಗ ಮೊದಲು ಸೋಲುತ್ತದೆ. ನಮ್ಮ ನ್ಯೂಸ್ ಚಾನೆಲ್‌ಗಳಿಗೆ ಕೆಂಪು ಎಷ್ಟು ಇಷ್ಟ ಅಂತ ನಿಮಗೆ ಗೊತ್ತಲ್ವಾ.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಇದೇ ನಡೆಯುತ್ತಿರಬಹುದು.

ಅಪ್ಪ ಟಿವಿಯನ್ನು ಟಿವಿ ರಿಮೋಟಿನಲ್ಲಿ ಆಫ್ ಮಾಡಿದವರೇ ಅಲ್ಲ. ಸೆಟ್ ಟಾಪ್ ಬಾಕ್ಸ್ ಆಫ್ ಮಾಡಿ, ಎದ್ದು ಹೋಗಿ, ಗೋಡೆಯ ಸ್ವಿಚ್ ಟಕ್ಕಂತ ಒತ್ತುತ್ತಿದ್ದರು. ದಿನಾ ರಾತ್ರಿ ಹಾಗೇ. ಅವರನ್ನು ದೂರುವ ಹಾಗೂ ಇಲ್ಲ. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಸಂಜೆ ಸಿಡಿಲು, ಆಮೇಲೆ ಮಳೆಗಾಲ ಪೂರ್ತಿ ಕರೆಂಟಿನ ಆಟ. ನಮ್ಮ ಹಳೆ ಟಿವಿ ಸಿಡಿಲಿಗೇ ಹೋಗಿತ್ತು. ಪ್ಲಗ್ ತೆಗೆದಿಡುವುದು ಇಲ್ಲಿ ಮಕ್ಕಳಿಗೂ ಬಂದ ಅಭ್ಯಾಸ. ನಾನೂ ಅದು ಒಳ್ಳೆಯದೇ ಅಂದುಕೊಂಡಿದ್ದೆ.

ಆದರೆ ಓಎಲ್‌ಇಡಿ ಟಿವಿ ರಿಮೋಟಿನಲ್ಲಿ ಆಫ್ ಆದ ಮೇಲೆ ಒಂದು ಕೆಲಸ ಮಾಡುತ್ತದೆ. ಒಟ್ಟು ನಾಲ್ಕು ಗಂಟೆಗಿಂತ ಜಾಸ್ತಿ ಓಡಿದ್ದರೆ, ಸ್ಟ್ಯಾಂಡ್‌ಬೈನಲ್ಲಿ ಇರುವಾಗ ಸುಮಾರು ಹತ್ತು ನಿಮಿಷ ತನ್ನ ಚುಕ್ಕಿಗಳನ್ನು ತಾನೇ ಅಳೆದು, ಎಲ್ಲಿ ವ್ಯತ್ಯಾಸ ಬಂದಿದೆಯೋ ಅಲ್ಲಿ ಕರೆಂಟು ಹೊಂದಿಸಿಕೊಳ್ಳುತ್ತದೆ. ಸ್ಕ್ರೀನ್ ಕಪ್ಪಗೇ ಇರುತ್ತದೆ, ನಮಗೆ ಏನೂ ಕಾಣುವುದಿಲ್ಲ. ಇದಕ್ಕೆ ರಿಫ್ರೆಶ್ ಅನ್ನುತ್ತಾರೆ. ತುಂಬಾ ಗಂಟೆ ಓಡಿದ ಮೇಲೆ ಇದರ ದೊಡ್ಡ ಆವೃತ್ತಿಯೂ ನಡೆಯುತ್ತದೆ. ಹಲವು ಸೆಟ್‌ಗಳಲ್ಲಿ ಅದು 2,000 ಗಂಟೆಗೊಮ್ಮೆ, ಸುಮಾರು ಒಂದು ಗಂಟೆಯ ಕೆಲಸ. ಎರಡಕ್ಕೂ ಗೋಡೆಯಿಂದ ಕರೆಂಟು ಬರುತ್ತಿರಬೇಕು. ಸ್ವಿಚ್ ಆಫ್ ಆದರೆ ಕೆಲಸವೂ ನಿಂತಿತು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಗಂಟೆ ಅಂದರೆ ವರ್ಷಕ್ಕೆ 3,650 ಗಂಟೆ. ಎರಡು ವರ್ಷದ ಮೇಲಾಯಿತು, ಹತ್ತಿರ ಹತ್ತಿರ 8,000 ಗಂಟೆ. ಅಷ್ಟು ಕಾಲ ಆ ಟಿವಿಗೆ ಒಂದು ರಾತ್ರಿಯೂ ಆ ಹತ್ತು ನಿಮಿಷ ಸಿಗಲಿಲ್ಲ. ದೊಡ್ಡದು ನಾಲ್ಕು ಸಲ ಆಗಬೇಕಿತ್ತು, ಒಂದು ಸಲವೂ ಆಗಲಿಲ್ಲ. ಅದರ ಮೇಲೆ ಚಾವಡಿಯಲ್ಲಿ ಬಿಸಿಲು ಜಾಸ್ತಿ ಅಂತ ನಾನೇ ಪಿಕ್ಚರ್ ಮೋಡನ್ನು Vivid ಮಾಡಿ ಬೆಳಕು 100ಕ್ಕೆ ಇಟ್ಟಿದ್ದೆ. ಅಪ್ಪನ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ.

ಸರ್ವೀಸಿನವರು ಬಂದು ಮೆನುವಿನಿಂದ ದೊಡ್ಡ ರಿಫ್ರೆಶ್ ಓಡಿಸಿದರು. ಒಂದು ಗಂಟೆ ಕಾದೆವು. ಲೋಗೋದ ನೆರಳು ಅರ್ಧ ಮಾಸಿತು. ಪಟ್ಟಿ ಹೋಗಲಿಲ್ಲ. ಮಾಸಿದ್ದು ತಾತ್ಕಾಲಿಕ ನೆರಳು, ಅಳತೆ ತಪ್ಪಿದ್ದರಿಂದ ಕಾಣುತ್ತಿದ್ದದ್ದು. ಉಳಿದದ್ದು ನಿಜವಾದ ಸವೆತ. ಸವೆದ ವಸ್ತುವನ್ನು ಯಾವ ರಿಫ್ರೆಶ್ ಕೂಡ ಮತ್ತೆ ತುಂಬುವುದಿಲ್ಲ, ಇರುವುದರಲ್ಲೇ ಸರಿದೂಗಿಸುತ್ತದೆ, ಅದಕ್ಕೂ ಒಂದು ಮಿತಿ ಉಂಟು. ವಾರಂಟಿ ಕೇಳಿದೆ. ಬರ್ನ್-ಇನ್, ಅಂದರೆ ಹೀಗೆ ಅಚ್ಚೊತ್ತಿ ಉಳಿಯುವುದು, ಅದರಲ್ಲಿ ಬರುವುದಿಲ್ಲ ಅಂದರು. ನಿಮ್ಮ ವಾರಂಟಿ ಕಾರ್ಡನ್ನು ಇವತ್ತೇ ಓದಿ.

ಸ್ವಿಚ್ ಒಂದರಿಂದಲೇ ಎಲ್ಲ ಆಯಿತು ಅಂತ ನಾನು ಹೇಳುತ್ತಿಲ್ಲ. 8,000 ಗಂಟೆ ಒಂದೇ ಕೆಂಪು ಪಟ್ಟಿ, ಅದೂ ಪೂರ್ತಿ ಬೆಳಕಿನಲ್ಲಿ, ಅದು ಸವೆಸಿಯೇ ಸವೆಸುತ್ತದೆ. ಆದರೆ ಟಿವಿ ತನ್ನನ್ನು ತಾನು ಕಾಪಾಡಿಕೊಳ್ಳಲು ಇದ್ದ ದಾರಿಯನ್ನೂ ನಾವು ದಿನಾ ರಾತ್ರಿ ಮುಚ್ಚಿದೆವು. ಅದು ನನಗೆ ಈಗಲೂ ಬೇಸರ.

ಹಾಗಾಗಿ ಮೊದಲು ಈ ಕ್ರಮ ಮಾಡಿ. ರಾತ್ರಿ ಟಿವಿಯದ್ದೇ ರಿಮೋಟಿನಲ್ಲಿ ಆಫ್ ಮಾಡಲಿ. ಅರ್ಧ ಗಂಟೆ ಬಿಟ್ಟು, ಮಲಗುವ ಮುಂಚೆ, ಬೇಕಾದರೆ ಗೋಡೆಯ ಸ್ವಿಚ್ ಆಫ್ ಮಾಡಿ. ಸಿಡಿಲು ಬರುವ ಸೂಚನೆ ಕಂಡರೆ ಮಾತ್ರ ಯಾವುದಕ್ಕೂ ಕಾಯಬೇಡಿ, ಅದು ಹತ್ತಿರ ಬರುವ ಮುಂಚೆಯೇ ಪ್ಲಗ್, ಕೇಬಲ್ ಎರಡೂ ಕಿತ್ತುಬಿಡಿ. ಒಂದು ದಿನ ತಪ್ಪಿದರೆ ತೊಂದರೆ ಇಲ್ಲ, ಮರುದಿನ ಆಗುತ್ತದೆ. ಎಂಟುನೂರು ದಿನ ತಪ್ಪಬಾರದು. ದೊಡ್ಡ ರಿಫ್ರೆಶನ್ನು ಮಾತ್ರ ಕೈಯಾರೆ ಪದೇ ಪದೇ ಓಡಿಸಬೇಡಿ, ಅದೇ ಪ್ಯಾನೆಲ್ ಆಯಸ್ಸನ್ನು ತಿನ್ನುತ್ತದೆ. ಸೋನಿಯವರು ವರ್ಷಕ್ಕೊಂದು ಸಲಕ್ಕಿಂತ ಜಾಸ್ತಿ ಬೇಡ ಅಂತಲೇ ಹೇಳುತ್ತಾರೆ.

ರೆಸ್ಟ್ ವಿಷಯ. ರೆಸ್ಟ್ ಕೊಟ್ಟರೆ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದು ದಣಿದ ಮನುಷ್ಯ ಮಲಗಿ ಎದ್ದ ಹಾಗಲ್ಲ, ಸವೆದ ಚಪ್ಪಲಿ ಹಾಗೆ. ಎರಡು ಗಂಟೆ ಬಿಚ್ಚಿಟ್ಟರೆ ಅಟ್ಟೆ ಬೆಳೆಯುತ್ತದಾ? ಲೆಕ್ಕಕ್ಕೆ ಬರುವುದು ಒಂದೇ ಜಾಗದಲ್ಲಿ ಒಟ್ಟು ಎಷ್ಟು ಗಂಟೆ, ಎಷ್ಟು ಬೆಳಕಿನಲ್ಲಿ ಅನ್ನುವುದು. ಟಿವಿ ಪರೀಕ್ಷೆ ಮಾಡುವ ಆರ್‌ಟಿಂಗ್ಸ್ ಸೈಟಿನವರು 2018ರಲ್ಲಿ ಒಂದೇ ಮಾದರಿಯ ಆರು ಓಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆ ಓಡಿಸಲು ಶುರು ಮಾಡಿದರು. ಐದು ಗಂಟೆ ಆನ್, ಒಂದು ಗಂಟೆ ಆಫ್, ಹೀಗೆ ನಾಲ್ಕು ಸಲ. ಅಂದರೆ ರೆಸ್ಟ್ ಇತ್ತು. ಎರಡು ಟಿವಿಗಳಲ್ಲಿ ಸಿಎನ್ಎನ್ ಹಾಕಿದ್ದರು, ಒಂದು 200 ನಿಟ್ಸ್‌ಗೆ ಇಳಿಸಿದ ಬೆಳಕಿನಲ್ಲಿ, ಇನ್ನೊಂದು ಪೂರ್ತಿ ಬೆಳಕಿನಲ್ಲಿ. ಎರಡರಲ್ಲೂ ಅಚ್ಚು ಬಂತು. ಪೂರ್ತಿ ಬೆಳಕಿನದ್ದರಲ್ಲಿ ಜಾಸ್ತಿ ಬಂತು.

ಆದ್ದರಿಂದ ಸೆಟ್ಟಿಂಗ್‌ಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಬೆಳಕು ಇಳಿಸುವುದು ಒಂದೇ. ಬೆಳಕು ಅರ್ಧಕ್ಕೆ ಇಳಿಸಿದರೆ ಸವೆತ ಅರ್ಧಕ್ಕಿಂತಲೂ ಕಡಿಮೆ ಆಗುತ್ತದೆ. Vivid ಬಿಟ್ಟು Cinema ಅಥವಾ Filmmaker ಮೋಡ್ ಹಾಕಿ. ಎಲ್‌ಜಿ ಆದರೆ `OLED Pixel Brightness` ಅನ್ನುವುದನ್ನು 35, 40ರ ಆಸುಪಾಸಿಗೆ ತನ್ನಿ, ಹಳೆಯ ಸೆಟ್‌ನಲ್ಲಿ ಅದು `OLED Light`. ಕಿಟಕಿಗೆ ಪರದೆ ಹಾಕಿದರೆ ನ್ಯೂಸಿಗೆ ಅಷ್ಟು ಧಾರಾಳ ಸಾಕು. `Screen Move` ಅಥವಾ `Pixel Shift` ಆನ್ ಇರಲಿ, ಆದರೆ ಅದು ಚಿತ್ರವನ್ನು ಕೆಲವೇ ಚುಕ್ಕಿಯಷ್ಟು ಸರಿಸುತ್ತದೆ. ಲೋಗೋದ ಅಂಚು ಮೆತ್ತಗಾಗುತ್ತದೆ, ಅಗಲದ ಪಟ್ಟಿಯ ನಡುಭಾಗಕ್ಕೆ ಏನೂ ಲಾಭ ಇಲ್ಲ. `Adjust Logo Brightness` ಅನ್ನುವುದು ಲೋಗೋದ ಜಾಗದ ಬೆಳಕನ್ನು ಇಳಿಸುತ್ತದೆ, ಅದು ಸ್ವಲ್ಪ ಉಪಯೋಗ. ಹೈಗೆ ಇಟ್ಟರೆ ಜಾಸ್ತಿ ಇಳಿಸುತ್ತದೆ, ಹಾಗಾಗಿ ಹೈಗೇ ಇಡಿ. ಸ್ಕ್ರೀನ್ ಸೇವರ್ ನಂಬಬೇಡಿ. ನ್ಯೂಸಿನಲ್ಲಿ ಆ್ಯಂಕರ್ ಅಲ್ಲಾಡುತ್ತಲೇ ಇರುತ್ತಾರೆ, ಹಾಗಾಗಿ ಅದು ಬರುವುದೇ ಇಲ್ಲ.

ಇಷ್ಟೆಲ್ಲ ಮಾಡಿದರೂ ದಿನಕ್ಕೆ ಹತ್ತು ಗಂಟೆ ಒಂದೇ ಚಾನೆಲ್ ಅಂದರೆ ಅಚ್ಚು ತಡವಾಗಿ ಬರುತ್ತದೆ, ಬರುವುದೇ ಇಲ್ಲ ಅಂತ ನನಗೆ ಹೇಳಲು ಆಗುವುದಿಲ್ಲ. ನನ್ನನ್ನು ಕೇಳಿದರೆ ನ್ಯೂಸಿಗೆ ಓಎಲ್‌ಇಡಿಯೇ ಬೇಡ. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡುವಾಗ ಆ ಕಪ್ಪಿಗೆ ಬೆಲೆ. ಹಗಲು ಬೆಳಕಿನ ಚಾವಡಿಯಲ್ಲಿ ಸ್ಟುಡಿಯೋ ಚರ್ಚೆಗೆ ಅದರಿಂದ ಏನು ಸಿಗುತ್ತದೆ? ನಾವು ಕೊನೆಗೆ 43 ಇಂಚಿನ ಸಾಧಾರಣ ಎಲ್‌ಇಡಿ ಟಿವಿ ತಂದು ಚಾವಡಿಯಲ್ಲಿ ಇಟ್ಟೆವು. ಅದರಲ್ಲಿ ಬೆಳಕು ಹಿಂದಿನಿಂದ ಬರುವುದರಿಂದ ಚುಕ್ಕಿ ಚುಕ್ಕಿಯ ಸವೆತದ ಮಾತೇ ಇಲ್ಲ. ಅಪ್ಪ ಎರಡು ದಿನದಲ್ಲಿ ಒಗ್ಗಿಕೊಂಡರು, "ಇದರಲ್ಲಿ ಅಕ್ಷರ ಇನ್ನೂ ಸ್ಪಷ್ಟ ಉಂಟು" ಅಂದರು. ಓಎಲ್‌ಇಡಿ ಒಳಗಿನ ಕೋಣೆಗೆ ಹೋಯಿತು. ಮೊದಲೇ ಹೀಗೆ ಮಾಡಿದ್ದರೆ ಪ್ಯಾನೆಲ್ ಉಳಿಯುತ್ತಿತ್ತು. ನಿಮ್ಮ ಟಿವಿ ಹೊಸದು, ನಿಮಗೆ ಇನ್ನೂ ಸಮಯ ಉಂಟು.

ಎರಡನೇ ಟಿವಿ ಸದ್ಯ ಆಗದು ಅಂದರೆ ಒಂದು ಕೆಲಸ ಮಾಡಿ. ಯೂಟ್ಯೂಬ್‌ನಲ್ಲಿ `red screen` ಅಂತ ಹುಡುಕಿ, ಪೂರ್ತಿ ಕೆಂಪು ಚಿತ್ರ ಹಾಕಿ, ಕೋಣೆ ಕತ್ತಲೆ ಮಾಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಬೂದು ಬಣ್ಣದ್ದೂ ಒಂದು. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಮಸುಕಾಗಿ ಏನಾದರೂ ಕಂಡರೆ ಆ ರಾತ್ರಿ ರಿಮೋಟಿನಲ್ಲಿ ಆಫ್ ಮಾಡಿ ಹಾಗೇ ಬಿಡಿ, ಬೆಳಿಗ್ಗೆ ಮತ್ತೆ ನೋಡಿ. ಹೋಗಿದ್ದರೆ ಅದು ಬರೀ ನೆರಳು. ಹಾಗೇ ಉಳಿದಿದ್ದರೆ ಮಾವನ ನ್ಯೂಸನ್ನು ಅವತ್ತೇ ಬೇರೆ ಸ್ಕ್ರೀನಿಗೆ ಹಾಕಿಕೊಡಿ.