ಓವರ್‌ಹೆಡ್ ಟ್ಯಾಂಕ್‌ನ ಎತ್ತರದಿಂದ ಮೇಲಿನ ಮಹಡಿಯ ನಲ್ಲಿಯ ಒತ್ತಡವನ್ನು ಲೆಕ್ಕ ಹಾಕುವುದು

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಗ್ರೌಂಡ್ ಮತ್ತು ಎರಡು ಮಹಡಿಯ ಮನೆ. ನಾವಿರುವುದು ಮೇಲಿನ ಮಹಡಿಯಲ್ಲಿ. ತಾರಸಿಯ ಮೇಲೆ 3 ಅಡಿ ಸ್ಟ್ಯಾಂಡ್, ಅದರ ಮೇಲೆ 1000 ಲೀಟರ್ ಟ್ಯಾಂಕ್ ಇದೆ. ಶವರ್‌ನಲ್ಲಿ ನೀರು ಸಣ್ಣಗೆ ಬರುತ್ತದೆ, ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ನಿಂತೇ ಹೋಗುತ್ತದೆ. ಟ್ಯಾಂಕನ್ನು ಇನ್ನೂ 3 ಅಡಿ ಏರಿಸಿದರೆ ಸರಿಹೋಗುತ್ತದೆಯೇ? ಒತ್ತಡದ ಲೆಕ್ಕ ಹೇಗೆ?

ಉತ್ತರ:

ಏರಿಸಿದರೆ ಸ್ವಲ್ಪ ಅನುಕೂಲವಾಗುತ್ತದೆ. ಆದರೆ ನೀವು ಹೇಳಿರುವ ಎರಡನೆಯ ಲಕ್ಷಣ, ಅಂದರೆ ಕೆಳಗೆ ನಲ್ಲಿ ತೆರೆದಾಗ ನಿಮ್ಮ ಶವರ್ ನಿಲ್ಲುವುದು, ಟ್ಯಾಂಕ್‌ನ ಎತ್ತರಕ್ಕಿಂತ ಹೆಚ್ಚಾಗಿ ಟ್ಯಾಂಕಿನಿಂದ ಇಳಿಯುವ ಪೈಪಿನ ಅಳತೆಯ ಕಡೆಗೆ ಬೊಟ್ಟು ಮಾಡುತ್ತದೆ. ಮನೆಗಳ ನೀರಿನ ಲೈನ್‌ಗಳ ನಕ್ಷೆ ಮಾಡುವುದು ನನ್ನ ವೃತ್ತಿಯಾದ್ದರಿಂದ, ಖರ್ಚಿಗೆ ಕೈ ಹಾಕುವ ಮುನ್ನ ನೀವೇ ಮಾಡಬಹುದಾದ ಲೆಕ್ಕವನ್ನು ಪೂರ್ತಿಯಾಗಿ ಬರೆಯುತ್ತೇನೆ.

ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ, ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಂಪಿಗೆ ಬಿದ್ದು, ಅಲ್ಲಿಂದ ಮೋಟರ್ ಮೂಲಕ ತಾರಸಿಯ ಟ್ಯಾಂಕಿಗೆ ಏರುತ್ತದೆ. ಹಾಗಾಗಿ ಬೀದಿಯ ಕೊಳಾಯಿಯಲ್ಲಿ ಎಷ್ಟು ಒತ್ತಡವಿದೆ, ಮೋಟರ್ ಎಷ್ಟು ಎಚ್‌ಪಿಯದು ಎಂಬುದಕ್ಕೂ ನಿಮ್ಮ ಶವರ್‌ಗೂ ಸಂಬಂಧವಿಲ್ಲ. ಶವರ್‌ಗೆ ಸಿಗುವುದು ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೂ ಶವರ್‌ನ ಬಾಯಿಗೂ ನಡುವೆ ಇರುವ ನೇರ ಎತ್ತರದ ಒತ್ತಡ ಮಾತ್ರ. ಪೈಪು ಎಷ್ಟೇ ಸುತ್ತಿ ಬಂದಿರಲಿ, ನೀರು ಹರಿಯದೆ ನಿಂತಿರುವಾಗ ಈ ಎತ್ತರವೊಂದೇ ಲೆಕ್ಕಕ್ಕೆ ಬರುತ್ತದೆ. ಟ್ಯಾಂಕ್‌ನ ಅಗಲವೂ ಲೆಕ್ಕಕ್ಕಿಲ್ಲ. ಅದೇ ಮಟ್ಟದಲ್ಲಿ ಇನ್ನೊಂದು ಟ್ಯಾಂಕನ್ನು ಜೋಡಿಸಿದರೆ ನೀರಿನ ಸಂಗ್ರಹ ಹೆಚ್ಚುತ್ತದೆಯೇ ಹೊರತು ಒತ್ತಡ ಹೆಚ್ಚುವುದಿಲ್ಲ.

```
ಒತ್ತಡ (ಬಾರ್) = ಎತ್ತರ (ಅಡಿ) × 0.03
ಒತ್ತಡ (ಬಾರ್) = ಎತ್ತರ (ಮೀಟರ್) × 0.098
```

ಪ್ಲಂಬರ್‌ಗಳು ‘ಒಂದು ಕೆಜಿ ಪ್ರೆಶರ್’ ಎನ್ನುವುದು ಸರಿಯಾಗಿ 10 ಮೀಟರ್ ನೀರಿನ ಎತ್ತರಕ್ಕೆ ಸಮ. ಅದು ಒಂದು ಬಾರ್‌ಗೆ ಬಹಳ ಹತ್ತಿರ. ಅಂದರೆ ಒಂದು ಬಾರ್ ಬೇಕಿದ್ದರೆ ಸುಮಾರು 33 ಅಡಿ ಎತ್ತರ ಬೇಕು.

ಈಗ ನಿಮ್ಮ ಮನೆಗೆ ಬರೋಣ. ನೀವು ಹೇಳದ ಅಳತೆಗಳನ್ನು ಸಾಮಾನ್ಯವಾಗಿ ಇರುವಂತೆ ಊಹಿಸಿಕೊಂಡಿದ್ದೇನೆ. ಟೇಪ್ ಹಿಡಿದು ನಿಮ್ಮ ನಿಜವಾದ ಅಳತೆಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. ಎಲ್ಲವನ್ನೂ ಬಚ್ಚಲುಮನೆಯ ನೆಲದಿಂದ ಅಳೆಯುವುದು ಸುಲಭ. ನೆಲದಿಂದ ತಾರಸಿಯ ಮೇಲ್ಮೈಗೆ, ಸ್ಲ್ಯಾಬ್‌ನ ದಪ್ಪವೂ ಸೇರಿ, 10.5 ಅಡಿ. ಅದರ ಮೇಲೆ 3 ಅಡಿ ಸ್ಟ್ಯಾಂಡ್, ಅಂದರೆ ಟ್ಯಾಂಕ್‌ನ ತಳ 13.5 ಅಡಿಯಲ್ಲಿದೆ. ಟ್ಯಾಂಕಿನಲ್ಲಿ 2 ಅಡಿ ನೀರಿದ್ದರೆ ನೀರಿನ ಮಟ್ಟ 15.5 ಅಡಿ. ಶವರ್‌ನ ಬಾಯಿ ನೆಲದಿಂದ 7 ಅಡಿ ಎತ್ತರದಲ್ಲಿದ್ದರೆ ಉಳಿಯುವ ಎತ್ತರ 8.5 ಅಡಿ, ಒತ್ತಡ 0.25 ಬಾರ್. ಟ್ಯಾಂಕ್ ತುಂಬಿ ಮೂರೂವರೆ ಅಡಿ ನೀರು ನಿಂತಾಗ ಇದು 10 ಅಡಿಗೆ ಏರುತ್ತದೆ, ತಳದಲ್ಲಿ ಅರ್ಧ ಅಡಿ ಉಳಿದಾಗ 7 ಅಡಿಗೆ ಇಳಿಯುತ್ತದೆ. ಮೋಟರ್ ಹಾಕಿದ ಮೇಲೆ ಶವರ್ ಚೆನ್ನಾಗಿ ಬರುತ್ತದೆ ಎಂದು ಹಲವರು ಹೇಳುವುದಕ್ಕೆ ಕಾರಣ ಈ 3 ಅಡಿಯ ವ್ಯತ್ಯಾಸವೇ. ನೆಲದಿಂದ 3 ಅಡಿಯಲ್ಲಿರುವ ವಾಶ್‌ಬೇಸಿನ್ ನಲ್ಲಿಗೆ ಶವರ್‌ಗಿಂತ 4 ಅಡಿ ಹೆಚ್ಚು ಸಿಗುತ್ತದೆ. ನಿಮ್ಮ ಕೆಳಗಿನ ಮಹಡಿಯವರಿಗೆ ನಿಮಗಿಂತ 10.5 ಅಡಿ, ಅಂದರೆ 0.3 ಬಾರ್‌ಗಿಂತ ಹೆಚ್ಚು ಒತ್ತಡ ಏನೂ ಮಾಡದೆಯೇ ದೊರಕುತ್ತದೆ. ಅವರ ಶವರ್‌ಗೆ ಸಿಗುವುದು ನಿಮ್ಮ ಎರಡು ಪಟ್ಟಿಗಿಂತ ಹೆಚ್ಚು.

ಇಲ್ಲಿಯವರೆಗಿನದು ನಿಂತ ನೀರಿನ ಲೆಕ್ಕ. ನೀರು ಹರಿಯತೊಡಗಿದ ಕೂಡಲೇ ಪೈಪಿನ ಒಳಗೋಡೆ, ಎಲ್ಬೋ, ವಾಲ್ವ್‌ಗಳ ಘರ್ಷಣೆ ಈ ಎತ್ತರದಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ. ಆ ಪಾಲು ಎಷ್ಟೆಂಬುದನ್ನು ಎಂಜಿನಿಯರ್‌ಗಳು ಹೇಝನ್–ವಿಲಿಯಮ್ಸ್ ಸೂತ್ರದಿಂದ ಲೆಕ್ಕ ಹಾಕುತ್ತಾರೆ. ಸೂತ್ರಕ್ಕಿಂತ ಅದು ಹೇಳುವ ಎರಡು ಸಂಗತಿಗಳು ನಿಮಗೆ ಮುಖ್ಯ: ಹರಿವು ಎರಡು ಪಟ್ಟಾದರೆ ನಷ್ಟ ಸುಮಾರು ಮೂರೂವರೆ ಪಟ್ಟಾಗುತ್ತದೆ; ಅದೇ ಹರಿವಿಗೆ ಪೈಪಿನ ಒಳವ್ಯಾಸ ಸ್ವಲ್ಪವೇ ಕಡಿಮೆಯಾದರೂ ನಷ್ಟ ಹಲವು ಪಟ್ಟು ಏರುತ್ತದೆ.

ಟ್ಯಾಂಕಿನಿಂದ ನಿಮ್ಮ ಮಹಡಿಯ ಕವಲಿನವರೆಗೆ ಇಡೀ ಮನೆಗೆ ಒಂದೇ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪ್ ಇದೆ, ಎಲ್ಬೋಗಳನ್ನೂ ಉದ್ದಕ್ಕೆ ಪರಿವರ್ತಿಸಿ ಸೇರಿಸಿದರೆ ಅದರ ಉದ್ದ 10 ಮೀಟರ್ ಎಂದುಕೊಳ್ಳಿ. ಮನೆಯಲ್ಲಿ ನಿಮ್ಮ ಶವರ್ ಒಂದೇ ತೆರೆದಿದ್ದು ನಿಮಿಷಕ್ಕೆ 6 ಲೀಟರ್ ಹರಿಯುತ್ತಿದ್ದರೆ ಈ ಪೈಪಿನಲ್ಲಿ ಕಳೆದುಹೋಗುವುದು ಅರ್ಧ ಅಡಿಗಿಂತ ಕಡಿಮೆ. ಅದು ಗಮನಕ್ಕೂ ಬರುವುದಿಲ್ಲ. ಆದರೆ ಕೆಳಗಿನ ಮನೆಗಳಲ್ಲಿ ಎರಡು ಮೂರು ನಲ್ಲಿಗಳು ತೆರೆದು ಅದೇ ಪೈಪಿನಲ್ಲಿ ಒಟ್ಟು 25 ಲೀಟರ್ ಹರಿಯತೊಡಗಿದಾಗ ನಷ್ಟ ಸುಮಾರು 5.3 ಅಡಿಗೆ ಏರುತ್ತದೆ. ನಿಮ್ಮಲ್ಲಿದ್ದ 8.5 ಅಡಿಯಲ್ಲಿ ಉಳಿಯುವುದು 3.2 ಅಡಿ ಮಾತ್ರ, ಟ್ಯಾಂಕ್ ತಳ ಮುಟ್ಟಿದ್ದರೆ 1.7 ಅಡಿ. ಅಷ್ಟರಲ್ಲೇ ಬಚ್ಚಲುಮನೆಯೊಳಗಿನ ಅರ್ಧ ಇಂಚಿನ ಪೈಪು, ಮಿಕ್ಸರ್, ಶವರ್‌ನ ತೂತುಗಳನ್ನೆಲ್ಲ ನೀರು ದಾಟಬೇಕು. ಶವರ್ ನಿಲ್ಲುವುದು ಇದರಿಂದಲೇ. ಕೆಳಗಿನವರಿಗೆ ಅದೇ 5.3 ಅಡಿ ಕಳೆದರೂ ಇನ್ನೂ ಹದಿಮೂರಕ್ಕೂ ಹೆಚ್ಚು ಅಡಿ ಉಳಿದಿರುವುದರಿಂದ ಅವರ ಅನುಭವಕ್ಕೆ ಏನೂ ಬರುವುದಿಲ್ಲ.

ಈ ಸ್ಥಿತಿಯಲ್ಲಿ ಎರಡು ಪರಿಹಾರಗಳನ್ನು ಎದುರುಬದುರು ಇಟ್ಟು ನೋಡಿ. ಟ್ಯಾಂಕನ್ನು 3 ಅಡಿ ಏರಿಸಿ ಪೈಪನ್ನು ಹಾಗೆಯೇ ಬಿಟ್ಟರೆ 11.5 ಅಡಿಯಲ್ಲಿ 5.3 ಕಳೆದು 6.2 ಅಡಿ ಉಳಿಯುತ್ತದೆ. ಟ್ಯಾಂಕನ್ನು ಮುಟ್ಟದೆ, ಅದೇ 10 ಮೀಟರನ್ನು ಒಂದು ಇಂಚಿನ ಪೈಪಿಗೆ ಬದಲಿಸಿದರೆ ನಷ್ಟ ಸುಮಾರು 1.6 ಅಡಿಗೆ ಇಳಿದು 6.9 ಅಡಿ ಉಳಿಯುತ್ತದೆ. ಕಡಿಮೆ ಖರ್ಚಿನ ಕೆಲಸದಿಂದ ಹೆಚ್ಚು ಲಾಭ. ಇದಕ್ಕಿಂತಲೂ ಒಳ್ಳೆಯದೆಂದರೆ ಟ್ಯಾಂಕಿಗೆ ಇನ್ನೊಂದು ನಿಪ್ಪಲ್ ಹಾಕಿಸಿ ಮೇಲಿನ ಮಹಡಿಗೆಂದೇ ಪ್ರತ್ಯೇಕ ಲೈನ್ ಇಳಿಸುವುದು. ಆಗ ಕೆಳಗೆ ಯಾರು ಎಷ್ಟು ನಲ್ಲಿ ತೆರೆದರೂ ನಿಮಗೆ ಬಾಧಕವಿಲ್ಲ. ಎರಡರಲ್ಲಿ ಯಾವುದನ್ನೇ ಮಾಡಿದರೂ ತಾರಸಿಯ ಮೇಲೆ ಮಲಗಿಸಿದ ಪೈಪನ್ನು ದಪ್ಪ ಮಾಡುವುದರಲ್ಲಿ ಜಿಪುಣತನ ಬೇಡ, ಏಕೆಂದರೆ ಅಲ್ಲಿ ನೀರಿನ ಮೇಲಿರುವ ಎತ್ತರವೇ ಅತ್ಯಂತ ಕಡಿಮೆ. ಪೈಪು ಪ್ಯಾರಪೆಟ್ ಗೋಡೆಯನ್ನು ಹತ್ತಿ ಇಳಿಯುವಂತೆಯೂ ಹಾಕಿಸಬೇಡಿ. ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡರೆ ಇಷ್ಟು ಕಡಿಮೆ ಒತ್ತಡಕ್ಕೆ ಅದನ್ನು ದೂಡುವ ಶಕ್ತಿ ಇರುವುದಿಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ದಿನ ನಲ್ಲಿ ಉಗುಳುತ್ತಾ, ಬಿಟ್ಟು ಬಿಟ್ಟು ಬಂದರೆ ಗಾಳಿ ಸಿಕ್ಕಿದೆ ಎಂದು ತಿಳಿಯಬಹುದು.

ನನ್ನ ಊಹೆ ನಿಮ್ಮ ಮನೆಗೆ ಹೊಂದುತ್ತದೆಯೇ ಎಂಬುದನ್ನು ಪರೀಕ್ಷಿಸಲು ಗೇಜ್ ಬೇಡ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗೇಜ್‌ಗಳಲ್ಲಿ ಕಾಲು ಬಾರ್‌ನ ಆಸುಪಾಸಿನಲ್ಲಿ ಮುಳ್ಳು ಅಲುಗಿತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಟ್ಯೂಬನ್ನು ತನ್ನಿ. ವಾಶ್‌ಬೇಸಿನ್ ಕೆಳಗಿನ ಆ್ಯಂಗಲ್ ವಾಲ್ವ್‌ನಿಂದ ಕನೆಕ್ಷನ್ ಪೈಪನ್ನು ಬಿಚ್ಚಿ, ಅಲ್ಲಿಗೆ ಟ್ಯೂಬನ್ನು ಕ್ಲಿಪ್ ಹಾಕಿ ಬಿಗಿದು, ವೆಂಟಿಲೇಟರ್ ಮೂಲಕ ಹೊರಗೆ ತೆಗೆದು ತಾರಸಿಯ ಮೇಲೆ ಟ್ಯಾಂಕ್‌ನ ಪಕ್ಕದಲ್ಲಿ ನೆಟ್ಟಗೆ ಕಟ್ಟಿ. ಅದರ ತುದಿ ಟ್ಯಾಂಕ್‌ನ ಮುಚ್ಚಳಕ್ಕಿಂತ ಮೇಲಿರಬೇಕು. ನಿಮ್ಮ ಮಹಡಿಯ ಮತ್ತು ಕೆಳಗಿನ ಮನೆಗಳ ನಲ್ಲಿಗಳನ್ನೆಲ್ಲ ಮುಚ್ಚಿ ವಾಲ್ವ್ ತೆರೆದರೆ, ಟ್ಯೂಬಿನಲ್ಲಿ ನೀರು ಏರಿ ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಅಲ್ಲಿ ಒಂದು ಗುರುತು ಹಾಕಿಕೊಂಡು, ಕೆಳಗಿನವರಿಗೆ ಬಚ್ಚಲು, ಅಡುಗೆಮನೆಯ ನಲ್ಲಿಗಳನ್ನು ಒಟ್ಟಿಗೆ ತೆರೆಯಲು ಹೇಳಿ. ಟ್ಯೂಬಿನ ನೀರು ಗುರುತಿನಿಂದ ಎಷ್ಟು ಅಡಿ ಕೆಳಗಿಳಿದು ನಿಲ್ಲುತ್ತದೆಯೋ, ಅಷ್ಟನ್ನು ಟ್ಯಾಂಕಿನಿಂದ ನಿಮ್ಮ ಕವಲಿನವರೆಗಿನ ಪೈಪು ನುಂಗುತ್ತಿದೆ. ನಾಲ್ಕೈದು ಅಡಿ ಇಳಿದರೆ ಪೈಪು ಬದಲಿಸಿ. ಅರ್ಧ ಅಡಿಯೂ ಇಳಿಯದಿದ್ದರೆ ದೋಷ ಆ ಪೈಪಿನಲ್ಲಿಲ್ಲ, ನಿಮ್ಮ ಬಚ್ಚಲುಮನೆಯ ಕಡೆಗಿದೆ. ಆಗ ಮೊದಲು ಶವರ್‌ನ ತಲೆಯನ್ನು ಬಿಚ್ಚಿ ಬರಿಯ ಪೈಪಿನಲ್ಲಿ ನೀರು ಹೇಗೆ ಬರುತ್ತದೆ ನೋಡಿ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ತೂತುಗಳು ಮುಚ್ಚಿರುವುದು ಬಹಳ ಸಾಮಾನ್ಯ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಎತ್ತರ ಬೇಕೆನಿಸಿದರೆ ಅದರ ಮಿತಿಯನ್ನು ತಿಳಿದಿರಿ. ಶವರ್‌ನಿಂದ ಬರುವ ನೀರು ಎತ್ತರದ ವರ್ಗಮೂಲದ ಪ್ರಮಾಣದಲ್ಲಿ ಹೆಚ್ಚುತ್ತದೆ. 8.5 ಅಡಿಯನ್ನು 11.5 ಮಾಡಿದರೆ ಒತ್ತಡ ಶೇ. 35ರಷ್ಟು ಏರಿದರೂ ನೀರು ಹೆಚ್ಚುವುದು ಸುಮಾರು ಶೇ. 16. ಶವರ್‌ನಲ್ಲಿ ಅರ್ಧ ಬಾರ್ ಬೇಕೆಂದರೆ ಅಂದಾಜು 16.7 ಅಡಿ ಎತ್ತರ ಬೇಕು, ಅಂದರೆ ತಾರಸಿಯಿಂದ 11 ಅಡಿಗೂ ಮೀರಿದ ಸ್ಟ್ಯಾಂಡ್. ತುಂಬಿದ ಟ್ಯಾಂಕಿನಲ್ಲಿ ನೀರೇ ಒಂದು ಟನ್ ತೂಗುವುದರಿಂದ, ಪಿಲ್ಲರ್ ಮತ್ತು ಬೀಮ್‌ಗಳ ಮೇಲೆ ಕೂರದಂತಹ ಸ್ಟ್ಯಾಂಡನ್ನು ಸ್ಲ್ಯಾಬ್‌ನ ನಡುವೆ ಎಬ್ಬಿಸಲು ನಾನು ಯಾರಿಗೂ ಹೇಳುವುದಿಲ್ಲ. ಅಗಲವಾದ ರೇನ್ ಶವರ್‌ನಂತಹವನ್ನು ಹಾಕಿಸುವ ಆಸೆಯಿದ್ದರೆ ಮೇಲಿನ ಮಹಡಿಯ ಪ್ರತ್ಯೇಕ ಲೈನಿಗೆ ಮಾತ್ರ ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿಸುವುದೇ ಸರಿಯಾದ ದಾರಿ.

ತಾರಸಿಯ ಮೇಲೆ ಸೋಲಾರ್ ಹೀಟರ್ ಇದ್ದರೆ ಇನ್ನೊಂದು ವಿಷಯವನ್ನು ನೋಡಿಕೊಳ್ಳಬೇಕು. ಒತ್ತಡ ತಡೆಯದ ಸಾಮಾನ್ಯ ಸೋಲಾರ್ ಟ್ಯಾಂಕ್‌ಗೆ ಮೇಲ್ಮುಖವಾಗಿ ಒಂದು ಗಾಳಿ ಪೈಪ್ ಇರುತ್ತದೆ. ಅದರ ತುದಿ ತಣ್ಣೀರಿನ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಮೇಲಿರಲೇಬೇಕು. ಟ್ಯಾಂಕನ್ನು 3 ಅಡಿ ಏರಿಸಿ ಈ ಪೈಪನ್ನು ಇದ್ದ ಎತ್ತರದಲ್ಲೇ ಬಿಟ್ಟರೆ, ಟ್ಯಾಂಕ್ ತುಂಬಿದಾಗಲೆಲ್ಲ ನೀರು ಅದರ ಬಾಯಿಂದ ತಾರಸಿಗೆ ಸುರಿಯುತ್ತಿರುತ್ತದೆ. ಅದೇ ಕಾರಣಕ್ಕೆ ಪಂಪಿನ ಒತ್ತಡವನ್ನು ಸೋಲಾರ್ ಟ್ಯಾಂಕಿನ ಒಳಹರಿವಿಗೆ ಕೊಡಬಾರದು. ಬಿಸಿನೀರಿಗೂ ಒತ್ತಡ ಬೇಕಿದ್ದರೆ ಬಿಸಿನೀರನ್ನು ತಾಳುವ ಪಂಪನ್ನು ಸೋಲಾರ್‌ನಿಂದ ಹೊರಬರುವ ಲೈನಿಗೆ ಹಾಕಿಸಿ.