ಒಂದೇ ಪ್ರಶ್ನೆಗೆ ಮೂರು ಸರಿಯುತ್ತರ

"ದ್ವಿತೀಯ ಪಿಯುಸಿ ವಾಣಿಜ್ಯ ಓದುವವರಿಗೂ ಬ್ಯಾಂಕ್ ಪರೀಕ್ಷೆ ಬರೆಯುವವರಿಗೂ ಆಗಲಿ ಎಂದು ಹಣಕಾಸು ಮಾರುಕಟ್ಟೆಯ ಮೇಲೆ 20 ಬಹು ಆಯ್ಕೆ ಪ್ರಶ್ನೆ ಬರೆದು ಕಳಿಸಿದ್ದೇನೆ. ಎಲ್ಲವೂ ಪುಸ್ತಕ ನೋಡಿಯೇ ಬರೆದದ್ದು. ಆದರೂ ಮೂರನೆಯ ಪ್ರಶ್ನೆಗೆ ನನ್ನ ಗೆಳೆಯರೇ ಒಬ್ಬೊಬ್ಬರು ಒಂದೊಂದು ಉತ್ತರ ಹೇಳಿದರು. ಎಲ್ಲಿ ಎಡವಿದ್ದೇನೆ, ಪ್ರಕಟಿಸಬಹುದೇ, ಮುಲಾಜಿಲ್ಲದೆ ಹೇಳಿ."

ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನಿಮಗೆ ವಿಷಯ ಗೊತ್ತಿಲ್ಲ ಎಂದಲ್ಲ. ವ್ಯಾಖ್ಯೆಗಳು ಬಹುಪಾಲು ಸರಿಯಾಗಿಯೇ ಇವೆ, ಕೆಟ್ಟಿರುವುದು ಆಯ್ಕೆಗಳು. ಮೂರನೆಯ ಪ್ರಶ್ನೆಯನ್ನೇ ನೋಡಿ: "ಟ್ರೆಷರಿ ಬಿಲ್‌ಗಳ ವ್ಯವಹಾರ ನಡೆಯುವುದು ಎಲ್ಲಿ? ಅ) ಪ್ರಾಥಮಿಕ ಮಾರುಕಟ್ಟೆ ಆ) ದ್ವಿತೀಯಕ ಮಾರುಕಟ್ಟೆ ಇ) ಹಣದ ಮಾರುಕಟ್ಟೆ ಈ) ಬಂಡವಾಳ ಮಾರುಕಟ್ಟೆ." ನಿಮ್ಮ ಕೀಲಿಯುತ್ತರ 'ಇ'. ನಿಮ್ಮ ಗೆಳೆಯರು 'ಅ', 'ಆ' ಎಂದಿದ್ದರೆ ಅವರೂ ಸರಿ.

ಟ್ರೆಷರಿ ಬಿಲ್ ಎಂದರೆ ಕೇಂದ್ರ ಸರ್ಕಾರ 91, 182 ಅಥವಾ 364 ದಿನಗಳಿಗೆ ಎತ್ತುವ ಸಾಲದ ಪತ್ರ. ಸಾಮಾನ್ಯವಾಗಿ ಬುಧವಾರಗಳಂದು ಆರ್‌ಬಿಐ ಅದನ್ನು ಹರಾಜು ಹಾಕುತ್ತದೆ. ಹರಾಜಿನಲ್ಲಿ ಕೊಂಡವರ ದುಡ್ಡು ನೇರ ಸರ್ಕಾರಕ್ಕೆ ಹೋಗುತ್ತದೆ, ಪತ್ರ ಆಗಷ್ಟೇ ಹುಟ್ಟುತ್ತದೆ. ಆದ್ದರಿಂದ ಇದು ಪ್ರಾಥಮಿಕ ವ್ಯವಹಾರ. ಕೊಂಡ ಬ್ಯಾಂಕಿಗೆ ತಿಂಗಳೊಪ್ಪತ್ತಿನಲ್ಲಿ ನಗದು ಬೇಕಾದರೆ ಅದೇ ಬಿಲ್ಲನ್ನು ಆರ್‌ಬಿಐನ ಎನ್‌ಡಿಎಸ್-ಓಎಂ ವ್ಯವಸ್ಥೆಯಲ್ಲಿ ಬೇರೊಬ್ಬರಿಗೆ ಮಾರುತ್ತದೆ. ಆಗ ಸರ್ಕಾರಕ್ಕೆ ಒಂದು ಪೈಸೆಯೂ ಹೋಗುವುದಿಲ್ಲ, ಪತ್ರದ ಒಡೆಯ ಮಾತ್ರ ಬದಲಾಗುತ್ತಾನೆ. ಇದು ದ್ವಿತೀಯಕ ವ್ಯವಹಾರ. ಎರಡೂ ನಡೆದದ್ದು ಹಣದ ಮಾರುಕಟ್ಟೆಯಲ್ಲೇ. ನಿಮ್ಮ ನಾಲ್ಕು ಆಯ್ಕೆಗಳಲ್ಲಿ ಮೂರು ಸರಿಯಾದದ್ದು ಹೀಗೆ.

ಹಣದ ಮಾರುಕಟ್ಟೆಯೋ ಬಂಡವಾಳ ಮಾರುಕಟ್ಟೆಯೋ ಎಂಬುದು ಸಾಲದ ಅವಧಿಯ ಪ್ರಶ್ನೆ. ಒಂದು ವರ್ಷದವರೆಗಿನದು ಮೊದಲನೆಯದಕ್ಕೆ ಸೇರುತ್ತದೆ. ಅದಕ್ಕಿಂತ ದೀರ್ಘವಾದದ್ದೂ, ಅವಧಿಯೇ ಇಲ್ಲದ ಷೇರೂ ಎರಡನೆಯದಕ್ಕೆ. ಪ್ರಾಥಮಿಕವೋ ದ್ವಿತೀಯಕವೋ ಎಂಬುದು ಪತ್ರ ಹೊಸದೋ, ಕೈ ಬದಲಾದದ್ದೋ ಎಂಬ ಪ್ರಶ್ನೆ. ಎರಡು ಬೇರೆ ಬೇರೆ ಅಳತೆಗೋಲುಗಳನ್ನು ಒಂದೇ ಪ್ರಶ್ನೆಯ ಆಯ್ಕೆಗಳಲ್ಲಿ ಬೆರೆಸಿದ್ದೀರಿ. ನಿಮ್ಮ 20ರಲ್ಲಿ ಐದು ಪ್ರಶ್ನೆಗಳಿಗೆ ಇದೇ ರೋಗ.

ತಿದ್ದುವುದು ಕಷ್ಟವಲ್ಲ. ಎರಡೂ ಅಳತೆಗಳನ್ನು ಕೇಳಲೇಬೇಕೆಂದಿದ್ದರೆ ಪ್ರತಿ ಆಯ್ಕೆಯಲ್ಲೂ ಎರಡನ್ನೂ ಹೇಳಿ: "ಆರ್‌ಬಿಐ ಹರಾಜಿನಲ್ಲಿ 91 ದಿನಗಳ ಟ್ರೆಷರಿ ಬಿಲ್ ಕೊಂಡ ಬ್ಯಾಂಕೊಂದು 30 ದಿನಗಳ ನಂತರ ಅದನ್ನು ವಿಮಾ ಕಂಪನಿಯೊಂದಕ್ಕೆ ಮಾರುತ್ತದೆ. ಈ ಮಾರಾಟ ಯಾವ ಬಗೆಯದು? ಅ) ಹಣದ ಮಾರುಕಟ್ಟೆ, ಪ್ರಾಥಮಿಕ ಆ) ಹಣದ ಮಾರುಕಟ್ಟೆ, ದ್ವಿತೀಯಕ ಇ) ಬಂಡವಾಳ ಮಾರುಕಟ್ಟೆ, ಪ್ರಾಥಮಿಕ ಈ) ಬಂಡವಾಳ ಮಾರುಕಟ್ಟೆ, ದ್ವಿತೀಯಕ." ಈಗ ಉತ್ತರ 'ಆ' ಒಂದೇ. ಇನ್ನೊಂದು ಲಾಭವೂ ಇದೆ. 'ಅ' ಬರೆದವನಿಗೆ ಅವಧಿಯ ಲೆಕ್ಕ ಗೊತ್ತಿದೆ, ಹೊಸದು-ಹಳೆಯದರ ವ್ಯತ್ಯಾಸ ಗೊತ್ತಿಲ್ಲ. 'ಈ' ಬರೆದವನು ದ್ವಿತೀಯಕ ಎಂದ ಕೂಡಲೇ ಷೇರುಪೇಟೆ ಎಂದುಕೊಂಡಿದ್ದಾನೆ, ಮತ್ತು ನಮ್ಮ ವಿದ್ಯಾರ್ಥಿಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು ಇದೇ. ತಪ್ಪು ಉತ್ತರ ಕೂಡ ಮೇಷ್ಟ್ರಿಗೆ ಏನಾದರೂ ಹೇಳಬೇಕು.

ಏಳನೆಯ ಪ್ರಶ್ನೆಗೆ ಬರೋಣ. ಹಣದ ಮಾರುಕಟ್ಟೆಯ ಸಾಧನ ಅಲ್ಲದ್ದನ್ನು ಆರಿಸಲು ಹೇಳಿ, ಕಮರ್ಷಿಯಲ್ ಪೇಪರ್, ಸರ್ಟಿಫಿಕೇಟ್ ಆಫ್ ಡಿಪಾಸಿಟ್, ಕಾಲ್ ಮನಿ, ಸರ್ಕಾರಿ ಭದ್ರತಾ ಪತ್ರ ಎಂದು ಕೊಟ್ಟಿದ್ದೀರಿ. ಕೀಲಿಯುತ್ತರ ಕೊನೆಯದು. ಆದರೆ ಟ್ರೆಷರಿ ಬಿಲ್ ಕೂಡ ಸರ್ಕಾರಿ ಭದ್ರತಾ ಪತ್ರವೇ ಅಲ್ಲವೇ? ಹೊರಡಿಸುವವರು ಸರ್ಕಾರ ಎಂದ ಮಾತ್ರಕ್ಕೆ ಯಾವ ಮಾರುಕಟ್ಟೆ ಎಂಬುದು ತೀರ್ಮಾನವಾಗುವುದಿಲ್ಲ. "ಕೇಂದ್ರ ಸರ್ಕಾರ 10 ವರ್ಷದ ಅವಧಿಗೆ ಹೊರಡಿಸಿದ ಬಾಂಡ್" ಎಂದು ತಿದ್ದಿ.

'ಹೊರಡಿಸಿದ' ಎಂಬ ಮಾತನ್ನು ಬಿಡಬೇಡಿ. ಹತ್ತು ವರ್ಷದ ಬಾಂಡ್‌ನ ಒಂಬತ್ತು ವರ್ಷ ಮುಗಿದು ಎಂಟು ತಿಂಗಳಷ್ಟೇ ಉಳಿದಿದೆ ಎಂದುಕೊಳ್ಳಿ. ಪಠ್ಯಪುಸ್ತಕ ಹುಟ್ಟಿದ ದಿನದ ಅವಧಿಯನ್ನು ನೋಡುತ್ತದೆ, ಹಾಗಾಗಿ ಅದು ಬಂಡವಾಳ ಮಾರುಕಟ್ಟೆಯದು. ಮ್ಯೂಚುವಲ್ ಫಂಡ್‌ಗಳಿಗಾಗಿ ಸೆಬಿ ಮಾಡಿದ ನಿಯಮದಲ್ಲಿ ಮಾತ್ರ ಉಳಿದ ಅವಧಿ ಒಂದು ವರ್ಷದೊಳಗಿರುವ ಸರ್ಕಾರಿ ಪತ್ರವೂ ಹಣದ ಮಾರುಕಟ್ಟೆಯ ಸಾಧನವೇ. ಎರಡೂ ಅವರವರ ಜಾಗದಲ್ಲಿ ಸರಿ. ಆದ್ದರಿಂದ ಪಿಯುಸಿ ಮಟ್ಟದ ಪ್ರಶ್ನೆಯಲ್ಲಿ ಉಳಿದ ಅವಧಿಯ ಸುದ್ದಿಗೇ ಹೋಗಬೇಡಿ.

ಇದೇ ಪ್ರಶ್ನೆಗೆ ಸ್ವಲ್ಪ ಗಟ್ಟಿ ಆಯ್ಕೆ ಬೇಕೆಂದರೆ ಬಾಂಡ್ ತೆಗೆದು "ಬ್ಯಾಂಕಿನಲ್ಲಿ ಇಟ್ಟ ಆರು ತಿಂಗಳ ಎಫ್‌ಡಿ" ಎಂದು ಹಾಕಿ ನೋಡಿ. ಅವಧಿ ವರ್ಷದೊಳಗೇ ಇದೆ, ಆದರೂ ಅದು ಹಣದ ಮಾರುಕಟ್ಟೆಯ ಸಾಧನವಲ್ಲ. ಎಫ್‌ಡಿ ರಸೀದಿಯನ್ನು ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಅನ್ನು ಮಾರಬಹುದು. ಹೆಸರಿನಲ್ಲಿ ಎರಡೂ ಠೇವಣಿಯೇ ಆದ್ದರಿಂದ ಓದದೆ ಬಂದವನು ಇಲ್ಲಿ ಸಿಕ್ಕಿಬೀಳುತ್ತಾನೆ.

ಹನ್ನೊಂದನೆಯ ಪ್ರಶ್ನೆಯ ಕೀಲಿಯುತ್ತರ ನೇರವಾಗಿ ತಪ್ಪು. "ಐಪಿಒದಲ್ಲಿ ಹೂಡಿಕೆದಾರರು ಕೊಟ್ಟ ಹಣ ಯಾವಾಗಲೂ ಸೇರುವುದು: ಕಂಪನಿಗೆ." ಆ 'ಯಾವಾಗಲೂ' ಎಂಬುದೇ ತೊಂದರೆ. 2022ರ ಮೇ ತಿಂಗಳ ಎಲ್‌ಐಸಿ ಐಪಿಒ ನೆನಪಿರಬೇಕಲ್ಲ. ಅಲ್ಲಿ ಎಲ್‌ಐಸಿ ಒಂದೇ ಒಂದು ಹೊಸ ಷೇರು ಹೊರಡಿಸಲಿಲ್ಲ. ಕೇಂದ್ರ ಸರ್ಕಾರ ತನ್ನ ಕೈಲಿದ್ದ ಷೇರುಗಳಲ್ಲಿ ಶೇ 3.5ರಷ್ಟನ್ನು, ಅಂದರೆ ಸುಮಾರು 22.13 ಕೋಟಿ ಷೇರುಗಳನ್ನು, 949 ರೂಪಾಯಿಯಂತೆ ಜನರಿಗೆ ಮಾರಿತು; ಪಾಲಿಸಿದಾರರಿಗೂ ಸಣ್ಣ ಹೂಡಿಕೆದಾರರಿಗೂ ಒಂದಿಷ್ಟು ರಿಯಾಯಿತಿ ಇತ್ತು. ಬಂದ ದುಡ್ಡೆಲ್ಲ ಸರ್ಕಾರದ ಖಜಾನೆಗೆ ಹೋಯಿತು, ಎಲ್‌ಐಸಿಗೆ ಅದರಲ್ಲಿ ಏನೂ ಇಲ್ಲ. ಇಂಥದ್ದಕ್ಕೆ ಆಫರ್ ಫಾರ್ ಸೇಲ್ ಎನ್ನುತ್ತಾರೆ. ಎಷ್ಟೋ ಐಪಿಒಗಳಲ್ಲಿ ಒಂದು ಭಾಗ ಹೊಸ ಷೇರು, ಇನ್ನೊಂದು ಭಾಗ ಪ್ರವರ್ತಕರ ಹಳೆಯ ಷೇರು ಇರುತ್ತದೆ.

ಹಾಗಾದರೆ ಎಲ್‌ಐಸಿಯದು ಪ್ರಾಥಮಿಕವೋ ದ್ವಿತೀಯಕವೋ? ಐಪಿಒ ಆದ್ದರಿಂದ ಪಠ್ಯಪುಸ್ತಕಗಳು ಪ್ರಾಥಮಿಕ ಮಾರುಕಟ್ಟೆಯ ಅಧ್ಯಾಯದಲ್ಲೇ ಇಡುತ್ತವೆ. ದುಡ್ಡು ಯಾರಿಗೆ ಹೋಯಿತು ಎಂದು ನೋಡಿದರೆ ಅದು ದ್ವಿತೀಯಕದಂತೆ ಕಾಣುತ್ತದೆ. ಸಾಲದ್ದಕ್ಕೆ, ಈಗಾಗಲೇ ಪಟ್ಟಿಯಲ್ಲಿರುವ ಕಂಪನಿಯ ಪ್ರವರ್ತಕರು ಷೇರು ವಿನಿಮಯ ಕೇಂದ್ರದಲ್ಲಿ ಮಾರುವುದಕ್ಕೂ ಇದೇ ಹೆಸರಿದೆ, ಅದು ದ್ವಿತೀಯಕವೇ ಸರಿ. ಹೀಗೆ ಎರಡು ಕಡೆಯೂ ಎಳೆಯುವ ಸಂಗತಿಯನ್ನು ಒಂದು ಅಂಕದ ಪ್ರಶ್ನೆಯ ಆಯ್ಕೆಯಾಗಿ ಇಡಬೇಡಿ. ಪ್ರಾಥಮಿಕಕ್ಕೆ ಉದಾಹರಣೆ ಬೇಕಾದರೆ "ಕಂಪನಿ ಹೊಸ ಷೇರುಗಳನ್ನು ಹೊರಡಿಸಿ" ಎಂದು ಪ್ರಶ್ನೆಯಲ್ಲೇ ಬರೆಯಿರಿ, ಇಲ್ಲವೇ ರೈಟ್ಸ್ ಇಶ್ಯೂ ಕೊಡಿ. ಅಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ.

ಇನ್ನು ಲೆಕ್ಕದ ಪ್ರಶ್ನೆ, ಹದಿನೈದನೆಯದು. ನೂರು ರೂಪಾಯಿ ಮುಖಬೆಲೆಯ 91 ದಿನಗಳ ಬಿಲ್ 98.25 ರೂಪಾಯಿಗೆ ಸಿಕ್ಕರೆ ವಾರ್ಷಿಕ ಇಳುವರಿ ಎಷ್ಟು ಎಂದು ಕೇಳಿ, ಶೇ 5, 6, 7.14, 8 ಎಂದು ಆಯ್ಕೆ ಕೊಟ್ಟಿದ್ದೀರಿ. ಬಿಂದು ಇರುವುದು ಒಂದಕ್ಕೇ. ಲೆಕ್ಕವೇ ಮಾಡದೆ ಹುಡುಗರು ಅದಕ್ಕೆ ಗುರುತು ಹಾಕುತ್ತಾರೆ. ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದ ಸಂಖ್ಯೆಯಿಂದ ಮಾಡಬಾರದು, ಹುಡುಗರು ನಿಜವಾಗಿ ಮಾಡುವ ತಪ್ಪುಗಳಿಂದ ಮಾಡಬೇಕು. ಸರಿಯಾದ ಲೆಕ್ಕ ಹೀಗೆ:

```
(100 - 98.25) / 98.25 × 365 / 91 = 0.0714
```

ಕೈಯಿಂದ ಹಾಕಿದ ದುಡ್ಡು 98.25, ಅದಕ್ಕೆ ಬಂದ ಲಾಭ 1.75. ಲಾಭವನ್ನು ಹಾಕಿದ ದುಡ್ಡಿನಿಂದ ಭಾಗಿಸಿ ವರ್ಷಕ್ಕೆ ಹಿಗ್ಗಿಸಿದರೆ ಶೇ 7.14. ಹಾಕಿದ ದುಡ್ಡಿನ ಬದಲು ಮುಖಬೆಲೆ ನೂರರಿಂದ ಭಾಗಿಸಿದವನಿಗೆ 7.02 ಬರುತ್ತದೆ. 98.25ರಿಂದಲೇ ಭಾಗಿಸಿ, ವರ್ಷಕ್ಕೆ ಹಿಗ್ಗಿಸಲು ಮರೆತವನಿಗೆ 1.78. ಎರಡನ್ನೂ ಮರೆತವನಿಗೆ 1.75. ಈ ನಾಲ್ಕನ್ನೇ ಆಯ್ಕೆಗಳಾಗಿ ಇಡಿ, ಏರಿಕೆಯ ಕ್ರಮದಲ್ಲಿ ಬರೆಯಿರಿ. "ವರ್ಷಕ್ಕೆ 365 ದಿನ ಎಂದು ಹಿಡಿಯಿರಿ" ಎಂಬ ಸಾಲು ಪ್ರಶ್ನೆಯಲ್ಲಿರಲಿ. ಇಲ್ಲದಿದ್ದರೆ 91 ದಿನವೆಂದರೆ ಕಾಲು ವರ್ಷ ಎಂದು ನಾಲ್ಕರಿಂದ ಗುಣಿಸಿದ ಹುಡುಗನಿಗೆ 7.12 ಬಂದು, ಹತ್ತಿರದ್ದು ಯಾವುದೆಂದು ಹುಡುಕುತ್ತಾ ಕೂರುತ್ತಾನೆ.

ಮೊತ್ತ ಮತ್ತು ಅವಧಿ ಕೇಳುವ ಪ್ರಶ್ನೆಗಳ ಬಗ್ಗೆ ಒಂದು ಎಚ್ಚರಿಕೆ. ಟ್ರೆಷರಿ ಬಿಲ್ಲಿನ ಕನಿಷ್ಠ ಮೊತ್ತ 25,000 ರೂಪಾಯಿ, ಕಮರ್ಷಿಯಲ್ ಪೇಪರ್‌ನ ಕನಿಷ್ಠ ಅವಧಿ 15 ದಿನ ಎಂದು ಬರೆದಿದ್ದೀರಿ. ಪಠ್ಯಪುಸ್ತಕಗಳಲ್ಲಿ ಹಾಗೆ ಇದ್ದದ್ದು ಹೌದು. ಆರ್‌ಬಿಐನ ಈಗಿನ ನಿಯಮದಲ್ಲಿ ಮೊದಲನೆಯದು 10,000 ರೂಪಾಯಿ, ಎರಡನೆಯದು 7 ದಿನ. ಬ್ಯಾಂಕ್ ಪರೀಕ್ಷೆಗೆ ಓದುವವನು ಹಳೆಯ ಸಂಖ್ಯೆ ಕಲಿತರೆ ಅಂಕ ಹೋಗುತ್ತದೆ, ಪಿಯುಸಿಯವನು ಪುಸ್ತಕ ಬಿಟ್ಟು ಹೊಸದನ್ನು ಬರೆದರೂ ಹೋಗಬಹುದು. ಒಂದೇ ಪಟ್ಟಿ ಇಬ್ಬರಿಗೂ ಎಂದು ಹೊರಟದ್ದರಿಂದ ಬಂದ ಪೇಚು ಇದು. ಇಂಥ ನಾಲ್ಕು ಪ್ರಶ್ನೆಗಳನ್ನು ಈ ಪಟ್ಟಿಯಿಂದ ತೆಗೆದುಬಿಡಿ.

ಹದಿನೆಂಟನೆಯದನ್ನು ಮಾತ್ರ ಮುಟ್ಟಬೇಡಿ. ಕರ್ನಾಟಕ ಸರ್ಕಾರ ಹೊರಡಿಸದೇ ಇರುವುದು ಯಾವುದು ಎಂದು ಕೇಳಿ, 91 ದಿನಗಳ ಟ್ರೆಷರಿ ಬಿಲ್ಲನ್ನು ಉತ್ತರವಾಗಿ ಇಟ್ಟಿದ್ದೀರಿ. ರಾಜ್ಯಗಳು ಆರ್‌ಬಿಐ ಹರಾಜಿನ ಮೂಲಕ ವರ್ಷಗಟ್ಟಲೆ ಅವಧಿಯ ಬಾಂಡ್ ಹೊರಡಿಸುತ್ತವೆ, ಟ್ರೆಷರಿ ಬಿಲ್ ಕೇಂದ್ರದ್ದು ಮಾತ್ರ. ಅಲ್ಲಿನ ನಾಲ್ಕೂ ಆಯ್ಕೆಗಳು ಒಂದೇ ಅಳತೆಗೆ ಸೇರಿವೆ, ಉದ್ದವೂ ಸಮವಾಗಿದೆ. ಉಳಿದ ಹದಿನೈದನ್ನು ತಿದ್ದಿ ಇದರ ಜೊತೆ ಕಳಿಸಿ. ಪ್ರತಿ ಕೀಲಿಯುತ್ತರದ ಕೆಳಗೆ, ಉಳಿದ ಮೂರು ಆಯ್ಕೆಗಳು ಏಕೆ ತಪ್ಪು ಎಂದು ಒಂದೊಂದು ಸಾಲು ಇರಲಿ. ಯಾವ ಆಯ್ಕೆಗೆ ಆ ಸಾಲು ಬರೆಯಲು ಆಗುವುದಿಲ್ಲವೋ ಅದನ್ನು ಬದಲಿಸಿಯೇ ಕಳಿಸಿ.